ಸಂಜೆ ಏಳರ ವೇಗ

ಅಣ್ಣ ಮೂಡಲಗಿ ಬಸ್‌ಸ್ಟ್ಯಾಂಡ್ ಹತ್ತಿರ ನೆಟ್ ಅಂಗಡಿ ಹಾಕಿದ್ದು ಶೋಕಿಗಲ್ಲ. ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬು ಅರೆದುಳಿದ ಸಿಪ್ಪೆಯ ಧೂಳು ನುಂಗಿ ನುಂಗಿ ಅವನ ಎದೆ ಕೆಟ್ಟಿತ್ತು. ಮತ್ತೆ ಅಲ್ಲಿಗೆ ಹೋದರೆ ತಾನೇನೂ ಮಾಡಲಾರೆ ಎಂದು ಡಾಕ್ಟರು ಕಡ್ಡಿ ಮುರಿದಂತೆ ಹೇಳಿದ್ದರು. ಅಂಗಡಿ ನಡೆಯಲೇಬೇಕಿತ್ತು.

ಗಿರಾಕಿಗಳೆಲ್ಲ ಸಂಜೆಯವರು. ಕಲ್ಲೋಳಿ, ಕೌಜಲಗಿ ಕಡೆಯ ಹುಡುಗ ಹುಡುಗಿಯರು ಕಾಲೇಜು ಬಿಟ್ಟ ಮೇಲೆ ನೌಕರಿಯ ಅರ್ಜಿ ತುಂಬಲು ಬರುತ್ತಿದ್ದರು. ಬೆಳಿಗ್ಗೆ ಕುದುರೆಯಂತೆ ಓಡುವ ಬ್ರಾಡ್‌ಬ್ಯಾಂಡ್ ಅವರು ಬರುವ ಹೊತ್ತಿಗೇ ಮಲಗಿಬಿಡುತ್ತಿತ್ತು. ಫೋಟೋ ಅರ್ಧ ಏರಿ ನಿಲ್ಲುತ್ತಿತ್ತು. ಒಂದು ಅರ್ಜಿಯ ಕೊನೆಯ ದಿನವೂ ಹೀಗೇ ಆಗಿ ಹುಡುಗಿಯೊಬ್ಬಳು ಅಳುತ್ತ ಎದ್ದು ಹೋದಳು. ಆಮೇಲೆ ಅವಳ ಗೆಳತಿಯರೂ ಬರುವುದು ಬಿಟ್ಟರು.

ನಾನಾಗ ದಿನಾ ಗೋಕಾಕಕ್ಕೆ ಹೋಗಿಬಂದು ವಕೀಲರೊಬ್ಬರ ಕಚೇರಿಯಲ್ಲಿ ಟೈಪಿಂಗ್ ಕೆಲಸ ಮಾಡುತ್ತಿದ್ದೆ. ಅರ್ಜಿ ಬರೆಯುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂಬ ಸೊಕ್ಕಿತ್ತು. ಬಿಸಿಬಿಸಿಯಾಗಿ ಒಂದು ದೂರು ಬರೆದು ಬ್ರಾಡ್‌ಬ್ಯಾಂಡ್ ಕಂಪನಿಯ ಗೋಕಾಕದ ಕಚೇರಿಗೆ ಒಯ್ದು ಕೊಟ್ಟೆ. ಅಲ್ಲಿಯ ಎಂಜಿನಿಯರ್ ಓದಿ ನಕ್ಕ.

“ನಾಲ್ಕು ಮಷಿನ್ ಒಂದ ಲೈನಿಗೆ ಹಚ್ಚೀರಿ. ನಿಮ್ಮ ಗಿರಾಕಿಗಳೇ ಸ್ಪೀಡ್ ತಿನ್ನಾಕತ್ತಾರ. ಒಂದ ಮಷಿನ್ ಇಟ್ಟ ಚೆಕ್ ಮಾಡ್ರಿ, ಬರದ ತರ್ರಿ.”

ಮಾತೇನೋ ಸರಿ. ಅಂದಿನಿಂದ ಅಣ್ಣ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಉಳಿದ ಕಂಪ್ಯೂಟರುಗಳ ತಂತಿ ಕಿತ್ತು, ಒಂದನ್ನೇ ಮೋಡೆಮ್ಮಿಗೆ ಹಚ್ಚಿ ವೇಗ ಅಳೆಯತೊಡಗಿದ. ಫಲಿತಾಂಶದ ಪುಟವನ್ನು ಪ್ರಿಂಟ್ ತೆಗೆದು ತಾರೀಖು, ಹೊತ್ತು ಬರೆದಿಡುತ್ತಿದ್ದ. ಸಂಜೆ ಅಳೆಯಬೇಕೆಂದರೆ ಕೂತ ಗಿರಾಕಿಗಳನ್ನು ಎಬ್ಬಿಸಬೇಕು. “ಐದ ಮಿನಿಟ್ ನಿಂದರ್ರಿ, ನಿಮ್ಮ ಸಲುವಾಗೇ ಮಾಡಾಕತ್ತೇನಿ” ಎಂದು ಕೈ ಮುಗಿಯುತ್ತಿದ್ದ. ಕೆಲವರು ಎದ್ದವರು ಹಾಗೇ ಹೋಗಿಬಿಡುತ್ತಿದ್ದರು. ದೂರು ಗಟ್ಟಿಯಾದಂತೆ ಅಂಗಡಿ ಬರಿದಾಗುತ್ತಿತ್ತು. ಯಾರ ಮೇಲೆ ಸಿಟ್ಟು ತೀರಿಸಿಕೊಳ್ಳಬೇಕೋ ತಿಳಿಯದೆ ನಾನು ಮನೆಯಲ್ಲಿ ಪಾತ್ರೆ ಕುಕ್ಕುತ್ತಿದ್ದೆ.

ಎರಡನೆಯ ಪತ್ರ ತಣ್ಣಗೆ ಬರೆದೆ. ಬೆಳಿಗ್ಗೆ ಒಪ್ಪಿದಷ್ಟು ವೇಗ ಬರುತ್ತದೆ, ಸಂಜೆ ಅದರ ಹತ್ತರಲ್ಲೊಂದು ಪಾಲೂ ಬರುವುದಿಲ್ಲ. ಆದರೆ ಮೋಡೆಮ್ಮಿನಿಂದ ಊರಿನ ಟೆಲಿಫೋನ್ ಎಕ್ಸ್‌ಚೇಂಜಿನವರೆಗಿನ ವೇಗ ಮೂರು ಹೊತ್ತೂ ಒಂದೇ ಇರುತ್ತದೆ. ಹಾಗಾಗಿ ನಮ್ಮ ತಂತಿ ಸರಿಯಿದೆ. ಊರಿನವರೆಲ್ಲ ಒಟ್ಟಿಗೆ ನೆಟ್ ಹಚ್ಚಿ ಕೂತಾಗ ಎಕ್ಸ್‌ಚೇಂಜಿನಿಂದ ಮುಂದಕ್ಕೆ ಹೋಗುವ ದಾರಿ ಸಾಲುತ್ತಿಲ್ಲ. ದಯವಿಟ್ಟು ಸಂಜೆಯ ಹೊತ್ತೇ ಬಂದು ನೋಡಿರಿ. ಪ್ರಿಂಟುಗಳ ಕಟ್ಟನ್ನು ಜೊತೆಗಿಟ್ಟೆವು.

ಎಂಜಿನಿಯರ್ ಕಡೆಗೂ ಒಂದು ಸಂಜೆ ಬೈಕಿನಲ್ಲಿ ಬಂದ. ಅವನು ಚಹಾ ಕುಡಿದು ಮುಗಿಸುವಷ್ಟರಲ್ಲಿ ಊರಿನ ಕರೆಂಟ್ ಹೋಯಿತು. ಗಿರಾಕಿಗಳಿಗೆ ತೊಂದರೆಯಾಗಬಾರದೆಂದು ಅಣ್ಣ ಇನ್ವರ್ಟರ್ ಹಾಕಿಸಿದ್ದ. ಎಕ್ಸ್‌ಚೇಂಜಿಗೆ ಬ್ಯಾಟರಿ ಇತ್ತು. ಮಿಕ್ಕವರ ಮನೆ, ಅಂಗಡಿಗಳ ಮೋಡೆಮ್ಮುಗಳೆಲ್ಲ ಆರಿದ್ದವು. ಎಂಜಿನಿಯರ್ ಒಂದೇ ಕಂಪ್ಯೂಟರ್ ಹಚ್ಚಿ ಅಳೆದ. ಬೆಳಗಿನಷ್ಟೇ ವೇಗ ಬಂತು.

“ಚಲೋ ಓಡಾಕತ್ತೈತಲ್ರಿ!”

“ಸಾಹೇಬ್ರ, ಊರಾಗ ಕರೆಂಟ್ ಇಲ್ಲ, ಯಾರೂ ನೆಟ್ ಹಚ್ಚಿಲ್ಲ, ಅದಕ್ಕ ಓಡಾಕತ್ತೈತಿ,” ಅಣ್ಣ ಬಾಗಿಲಾಚೆಯ ಕತ್ತಲು ತೋರಿಸಿದ. “ನಾವು ಬರದದ್ದು ಖರೆ ಅನ್ನಾಕ ಇದಕ್ಕಿಂತ ಮತ್ತೇನ ಬೇಕ್ರಿ? ಕರೆಂಟ್ ಬರೂತನಕ ಕೂಡ್ರಿ.”

ಕರೆಂಟ್ ಬರಲಿಲ್ಲ. ಎಂಜಿನಿಯರ್ ಗಡಿಯಾರ ನೋಡಿಕೊಂಡ.

“ನನಗೂ ತಿಳೀತೈತ್ರಿ ಕಾಕಾ. ಆದ್ರ ನಾ ಬಂದಾಗ ಏನ್ ಬಂತೋ ಅದನ್ನ ಬರೀಬೇಕು. ಸಹಿ ಮಾಡ್ರಿ.”

ಅಣ್ಣ ಸಹಿಯ ಕೆಳಗೆ, ‘ಈ ಹೊತ್ತಿನಲ್ಲಿ ಊರಿನಲ್ಲಿ ವಿದ್ಯುತ್ ಇರಲಿಲ್ಲ’ ಎಂದು ದುಂಡಗೆ ಬರೆದ. ಎಂಜಿನಿಯರ್ ತಡೆಯಲಿಲ್ಲ. ಬೈಕು ಹೋದ ಸ್ವಲ್ಪ ಹೊತ್ತಿಗೆ ಕರೆಂಟ್ ಬಂತು, ನೆಟ್ ಮಲಗಿತು.

ಕಂಪನಿಯ ಉತ್ತರದಲ್ಲಿ ಆ ಸಾಲಿನ ಸುದ್ದಿಯೇ ಇರಲಿಲ್ಲ. ಗ್ರಾಹಕರ ಸಮಕ್ಷಮ ಸಂಜೆ ಪರೀಕ್ಷಿಸಲಾಗಿದೆ, ವೇಗ ಸರಿಯಿದೆ, ದೂರು ಮುಕ್ತಾಯ. ಮತ್ತೆ ಬರೆದೆ. ಮುಗಿದ ದೂರನ್ನು ಪುನಃ ತೆರೆಯಲು ಬರುವುದಿಲ್ಲ ಎಂದರು. ಆ ಉತ್ತರ ಓದಿ ಬಂದ ಸಿಟ್ಟು ಇಂದಿಗೂ ಇಳಿದಿಲ್ಲ.

ಕಬ್ಬು ಅರೆಯುವ ಹಂಗಾಮು ಶುರುವಾಗುವ ಹೊತ್ತಿಗೆ ಅಂಗಡಿಯಲ್ಲಿ ಮೇಜುಗಳಷ್ಟೇ ಉಳಿದಿದ್ದವು. ಕಾರ್ಖಾನೆಯವರು ಅಣ್ಣನನ್ನು ಹಳೆಯ ಕೆಲಸಕ್ಕೇ ಕರೆದರು. ಹೋಗುವ ದಿನ ಅವನ ಹೆಂಡತಿ, ನಮ್ಮ ವೈನಿ, ಬಾಗಿಲಿಗೆ ಅಡ್ಡ ನಿಂತಳು.

“ಡಾಕ್ಟರ್ ಏನ್ ಹೇಳ್ಯಾರ ನೆನಪೈತಿಲ್ಲೋ?”

“ಐತಿ, ಅತ್ತಾಗ ಸರಿ,” ಎಂದ ಅಣ್ಣ. ಟವೆಲ್ಲನ್ನು ಮೂಗು ಬಾಯಿಗೆ ಬಿಗಿಯಾಗಿ ಸುತ್ತಿಕೊಂಡು ಹೊರಟ. ಆ ಹಂಗಾಮು ಮುಗಿಯುವವರೆಗೆ ಅವನು ಬಾಳಲಿಲ್ಲ.