ಆಡದೆ ಗೆದ್ದ ಖೋಖೋ ಕಪ್ಪು

ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಜೇವರ್ಗಿಯ ಹೆಣ್ಣುಮಕ್ಕಳ ಹೈಸ್ಕೂಲೊಂದರಲ್ಲಿ ಪಿ.ಟಿ. ಟೀಚರ್ ಆಗಿದ್ದೆ. ನಮ್ಮ ಹೆಡ್‌ಮಾಸ್ತರರಿಗೆ ಆಟದ ಮೇಲೆ ಬಹಳ ಪ್ರೀತಿ. ಆಟ ನಡೆಯುವಾಗ ಮೈದಾನದ ಕಡೆ ಸುಳಿಯುತ್ತಿರಲಿಲ್ಲ, ಮುಗಿದ ಮೇಲೆ ಕಪ್ಪು ಹಿಡಿದುಕೊಳ್ಳಲು ಮಾತ್ರ ತಪ್ಪದೆ ಬರುತ್ತಿದ್ದರು. ಒಂದು ವರ್ಷ ಮೂರು ತಾಲ್ಲೂಕುಗಳ ಕ್ರೀಡಾಕೂಟದ ಫೈನಲ್‌ನಲ್ಲಿ ನಮ್ಮ ಖೋಖೋ ತಂಡ ಆಳಂದದ ಹುಡುಗಿಯರ ಎದುರು ಸೋತಿತ್ತು. ಮರುದಿನ ಪ್ರಾರ್ಥನೆಯಲ್ಲಿ ಅವರು ಹುಡುಗಿಯರನ್ನು ಮುಂದೆ ನಿಲ್ಲಿಸಿ, "ಗೆಲ್ಲೂ ಮನಸ್ಸೇ ಇಲ್ಲ ನಿಮಗ" ಎಂದು ಅರ್ಧ ತಾಸು ಬೈದರು. ಗೆಲ್ಲುವ ಮನಸ್ಸು ಆಳಂದದವರಿಗೂ ಇರಬಹುದು ಎಂಬುದು ಅವರಿಗೆ ಹೊಳೆದಂತೆ ಕಾಣಲಿಲ್ಲ.

ಆ ಬೇಸಿಗೆ ನನ್ನನ್ನು ತರಬೇತಿ ಶಿಬಿರಕ್ಕೆ ಕಳಿಸಿದರು. ಕ್ರೀಡಾ ಮನಶ್ಶಾಸ್ತ್ರದ ಮೇಲೆ ಉಪನ್ಯಾಸ ಕೊಟ್ಟವರು ಮಹಡಿ ಹತ್ತುವಾಗ ಎರಡು ಸಲ ನಿಂತು ಏದುಸಿರು ಬಿಟ್ಟವರು. ಆದರೂ ಹೇಳಿದ್ದು ಸರಿಯಾಗಿಯೇ ಇತ್ತು. ಗೆಲ್ಲಬೇಕು, ಕಪ್ಪು ತರಬೇಕು ಎನ್ನುವುದು ಫಲಿತಾಂಶದ ಗುರಿ. ಅದರಲ್ಲಿ ಅರ್ಧ ಎದುರಾಳಿಯ ಕೈಯಲ್ಲಿರುತ್ತದೆ. ನಿನ್ನೆಯ ನನಗಿಂತ ಇಂದು ಎಷ್ಟು ಮೇಲು ಎನ್ನುವುದು ಸಾಧನೆಯ ಗುರಿ. ಈ ಕ್ಷಣ ಕೈಕಾಲು ಏನು ಮಾಡಬೇಕು ಎನ್ನುವುದು ಪ್ರಕ್ರಿಯೆಯ ಗುರಿ, ಪೂರ್ತಿ ನಮ್ಮ ಕೈಯಲ್ಲಿರುವುದು ಅದೊಂದೇ.

ಊರಿಗೆ ಬಂದು ಇದನ್ನು ಹೇಳಿದಾಗ ಹೆಡ್‌ಮಾಸ್ತರರು ನಕ್ಕರು. "ಮೂರು ಗುರಿ ಯಾಕ್ರಿ ಮೇಡಂ? ನಮ್ಮ ಶಾಲಿಗಿ ಒಂದೇ ಗುರಿ. ಫಸ್ಟ್ ಪ್ರೈಜ್!" ಅಷ್ಟಕ್ಕೇ ಬಿಡಲಿಲ್ಲ. ಪೇಂಟರನನ್ನು ಕರೆಸಿ 'ಈ ವರ್ಷ ಕಪ್ಪು ನಮ್ಮದೇ' ಎಂದು ಮೈದಾನದ ಗೋಡೆಯ ಮೇಲೆ ಆಳುದ್ದದ ಅಕ್ಷರಗಳಲ್ಲಿ ಬರೆಸಿದರು. ದಿನಾ ಸಂಜೆ ಹುಡುಗಿಯರು ಆ ಗೋಡೆ ನೋಡುತ್ತಲೇ ಫೌಲ್ ಮಾಡುತ್ತಿದ್ದರು.

ನಾನು ಅವರನ್ನು ಗೋಡೆಗೆ ಬೆನ್ನು ಹಾಕಿ ಕೂಡಿಸಿ ಪಾಠ ಶುರು ಮಾಡಿದೆ. ಮೂರು ಉದ್ದ ಹೆಸರು ಕೇಳಿ ಕ್ಯಾಪ್ಟನ್ ಮುಖ ಸಿಂಡರಿಸಿದಳು. ಹಮಾಲರ ಮನೆಯ ಎತ್ತರದ ಹುಡುಗಿ ಅವಳು. ನಮ್ಮಲ್ಲಿ ಅತಿ ಹೆಚ್ಚು ಫೌಲ್ ಮಾಡುವವಳೂ ಅವಳೇ. ಚೌಕದಲ್ಲಿ ಕೂತವಳು, ಜೊತೆಯವಳು ಹಿಂದಿನಿಂದ ಬೆನ್ನು ಮುಟ್ಟಿ 'ಖೋ' ಅನ್ನುವ ಮೊದಲೇ ಎದ್ದುಬಿಡುತ್ತಿದ್ದಳು.

"ಟೀಚರ್, ಕಪ್ಪಿನ ಗುರಿ, ನನ್ನ ಗುರಿ, ಈಗಿನ ಗುರಿ ಅಂದ್ರ ಸಾಕಲ್ರಿ?" ಎಂದಳು.

ಉಪನ್ಯಾಸಕರಿಗಿಂತ ಚೆನ್ನಾಗಿ ಹೇಳಿದ್ದಳು. "ಸಾಕು ಬೇ. ಈಗ ನಿಂದು ಹೇಳು, ಈಗಿನ ಗುರಿ ಏನು?"

"ಫೌಲ್ ಮಾಡಬಾರದ್ರಿ."

"ಅದು ಮಾಡಬಾರದ್ದು ಆಯ್ತು. ಮಾಡಬೇಕಾದ್ದು ಹೇಳು."

ಅವಳು ಕೈ ಹಿಂದೆ ತಂದು ತನ್ನ ಬೆನ್ನು ಮುಟ್ಟಿಕೊಂಡಳು. "ಬೆನ್ನಿಗಿ ಕೈ ಹತ್ತಬೇಕು, ಕಿವಿಗಿ ಖೋ ಕೇಳಬೇಕು. ಆಮ್ಯಾಲ ಏಳತೇನ್ರಿ."

ಇನ್ನೊಬ್ಬಳು ಟೇಲರ್ ಮಗಳು. ಮನೆಯಲ್ಲಿ ದಖನಿ ಉರ್ದು, ನಮ್ಮೊಡನೆ ಕನ್ನಡ, ಮೈದಾನದಲ್ಲಿ ಮೌನ. ಓಡುವ ಪಾಳಿಯಲ್ಲಿ ಒಂದು ನಿಮಿಷದೊಳಗೆ ಔಟಾಗುತ್ತಿದ್ದಳು. ಅವಳು ತನ್ನ ಗುರಿ ಐದು ನಿಮಿಷ ಎಂದಾಗ ಉಳಿದವರು ಕಿಸಕ್ಕನೆ ನಕ್ಕರು. ನಾನು ನಗಲಿಲ್ಲ, ಒಪ್ಪಲೂ ಇಲ್ಲ. ಮೊದಲು ಒಂದು ನಿಮಿಷ ದಾಟು, ಅದು ಸಲೀಸಾದ ಮೇಲೆ ಮುಂದೆ ಸರಿಸೋಣ ಎಂದೆ. ಅದಕ್ಕೆ ಅವಳ ಈಗಿನ ಗುರಿ, ಬೆನ್ನಟ್ಟುವವಳ ಕೈ ನೋಡದೆ ಭುಜ ನೋಡುವುದು. ಭುಜ ತಿರುಗಿದ ಕಡೆ ಮೈ ಬರುತ್ತದೆ. ಮಳೆಗಾಲ ಕಳೆಯುವಷ್ಟರಲ್ಲಿ ಅವಳ ಗುರಿ ಒಂದೂವರೆ ನಿಮಿಷಕ್ಕೆ ಬಂದಿತ್ತು. ಒಮ್ಮೆ ಕಾಲು ಉಳುಕಿದಾಗ ಮತ್ತೆ ಒಂದಕ್ಕೆ ಇಳಿಸಿದೆವು, ಕಾಲು ಸರಿಹೋದ ಮೇಲೆ ಒಂದೂವರೆಗೇ ಏರಿಸಿದೆವು. ಹೆಡ್‌ಮಾಸ್ತರರಿಗೆ ಇಳಿಸಿದ್ದು ಗೊತ್ತಾಗಿ, "ಗುರಿ ಇಳಸೂದು ಎಲ್ಲರೆ ಕೇಳೀರೇನ್ರಿ?" ಎಂದು ಸ್ಟಾಫ್ ರೂಮಿನಲ್ಲಿ ಗದರಿದರು. ಗೋಡೆಯ ಮೇಲೆ ಪೇಂಟಿನಲ್ಲಿ ಬರೆಸಿದವರಿಗೆ ಇಳಿಸುವುದು ಕಷ್ಟವೇ.

ಆ ವರ್ಷದ ಕೂಟ ಅಫಜಲಪುರದಲ್ಲಿ. ನಾವು ಸೆಮಿಫೈನಲ್ ಗೆದ್ದೆವು. ಮರುದಿನ ಬೆಳಿಗ್ಗೆ ಫೈನಲ್, ಎದುರು ಮತ್ತೆ ಆಳಂದ. ನಾವು ರಾತ್ರಿ ಅಲ್ಲೇ ಉಳಿದೆವು, ಆಳಂದದವರು ಊರಿಗೆ ಹೋಗಿ ಬೆಳಿಗ್ಗೆ ಬರುವವರಿದ್ದರು. ಹುಡುಗಿಯರು ಮೈ ಬಿಸಿ ಮಾಡಿಕೊಂಡು ಸಾಲಾಗಿ ನಿಂತರು. ಎದುರಿನ ತಂಡ ಬರಲಿಲ್ಲ. ಅವರ ಟೆಂಪೋ ದಾರಿಯಲ್ಲಿ ಕೆಟ್ಟು ನಿಂತಿದೆ ಎಂದು ಯಾರೋ ಬಂದು ಹೇಳಿದರು. ನಿಯಮದಷ್ಟು ಹೊತ್ತು ಕಾದು ಅಂಪೈರ್ ನಮ್ಮನ್ನು ಗೆದ್ದವರೆಂದು ಸಾರಿದರು. ಮುಖ್ಯ ಅತಿಥಿಗಳಿಗೆ ಬೇರೆ ಕಾರ್ಯಕ್ರಮವಿತ್ತಂತೆ, ಕಪ್ಪನ್ನೂ ಅಲ್ಲೇ ಕೊಟ್ಟುಬಿಟ್ಟರು.

ಅದನ್ನು ಇಸಿದುಕೊಂಡದ್ದು ಕ್ಯಾಪ್ಟನ್ ಅಲ್ಲ. ಅವಳ ಕೈ ಮುಂದೆ ಬರುವಷ್ಟರಲ್ಲಿ ಹೆಡ್‌ಮಾಸ್ತರರ ಎರಡೂ ಕೈ ಕಪ್ಪಿನ ಮೇಲಿದ್ದವು. "ನೋಡಿದ್ರೇನ್ರಿ ಮೇಡಂ? ಗುರಿ ಅಂದ್ರ ಹಿಂಗಿರಬೇಕು!" ಎಂದರು. ಟೆಂಪೋ ಕೆಟ್ಟದ್ದೂ ತಮ್ಮ ಗೋಡೆಬರಹದ ಪ್ರಭಾವವೇ ಎನ್ನುವಂತಿತ್ತು ಅವರ ಮುಖ. ಹುಡುಗಿಯರು ಮಾತ್ರ ಮನೆಗೆ ಬಂದ ನೆಂಟರು ಊಟ ಮಾಡದೆ ಎದ್ದುಹೋದಂತೆ ಪೆಚ್ಚಾಗಿ ನಿಂತಿದ್ದರು.

ಮಧ್ಯಾಹ್ನ ಆಳಂದದ ತಂಡ ಧೂಳು ಮೆತ್ತಿಕೊಂಡು ಬಂದಿಳಿಯಿತು. ಸುದ್ದಿ ಕೇಳಿ ಅವರಲ್ಲಿ ಇಬ್ಬರು ಅಲ್ಲೇ ಕೂತು ಅತ್ತರು. ಟೇಲರ್ ಮಗಳು ನನ್ನ ಹತ್ತಿರ ಬಂದಳು.

"ಟೀಚರ್, ಅವರ ಜೋಡಿ ಆಡೋಣ್ರಿ. ನಂದು ಒಂದೂವರಿ ನಿಮಿಷ ಆಗತದೋ ಇಲ್ಲೋ, ನನಗ ಹ್ಯಾಂಗ ಗೊತ್ತಾಗಬೇಕ್ರಿ?"

ಹೆಡ್‌ಮಾಸ್ತರರು ಬೆಚ್ಚಿಬಿದ್ದರು. "ಗೆದ್ದವ್ರು ಮತ್ತ್ಯಾಕ ಆಡಬೇಕ್ರಿ? ಸೋತ್ರ ಏನು ಮಾಡ್ತೀರಿ?"

"ಸೋಲತೇವ್ರಿ ಸರ್. ಕಪ್ಪು ವಾಪಸ್ ಯಾರೂ ಕೇಳಂಗಿಲ್ಲ" ಎಂದೆ.

ಕಪ್ಪು ತಮ್ಮಲ್ಲೇ ಉಳಿಯುವುದೆಂದು ಖಾತ್ರಿಯಾದ ಮೇಲೆ ಅವರಿಗೆ ಮೈದಾನದಲ್ಲಿ ಕೆಲಸವಿರಲಿಲ್ಲ. ಅದನ್ನು ಎತ್ತಿಕೊಂಡು ಬಜಾರಿನ ಫೋಟೋ ಸ್ಟುಡಿಯೋಗೆ ಹೋದರು.

ಅಂಪೈರ್ ಒಬ್ಬರು ಸೀಟಿ ಊದಲು ಒಪ್ಪಿದರು. ನೋಡುವವರಿಲ್ಲ, ಮೈಕಿಲ್ಲ. ಒಂದೇ ಇನ್ನಿಂಗ್ಸ್ ಆಡಿದೆವು. ಕ್ಯಾಪ್ಟನ್ ಕಣ್ಣು ಅರೆ ಮುಚ್ಚಿ ಕೂತು, ಕೈ ಬಿದ್ದ ಮೇಲೆ, ಖೋ ಕೇಳಿದ ಮೇಲೆ, ಬಾಣದಂತೆ ಎದ್ದಳು. ಒಂದು ಸಲವೂ ಅವಸರ ಮಾಡಲಿಲ್ಲ. ಟೇಲರ್ ಮಗಳು ಭುಜ ನೋಡಿಕೊಂಡು ಸಾಲಿನ ಮಧ್ಯೆ ಹೆಣೆಯುತ್ತ ಓಡಿದಳು. ನನ್ನ ಕೈಗಡಿಯಾರದ ಮುಳ್ಳು ಒಂದೂವರೆ ನಿಮಿಷ ದಾಟಿ ಮುಂದೆ ಹೋಯಿತು. ಕೊನೆಗೆ ಕಂಬದ ಹತ್ತಿರ ಸಿಕ್ಕಿಬಿದ್ದಾಗ, ಔಟಾದವಳು ನಗುವುದನ್ನು ನೋಡಿ ಮುಟ್ಟಿದವಳೇ ಗಾಬರಿಯಾದಳು.

ಎರಡು ಪಾಯಿಂಟಿನಿಂದ ಸೋತೆವು. ಆಳಂದದವರು ಚೆನ್ನಾಗಿ ಆಡಿದರು. ಎರಡೂ ತಂಡ ಒಂದೇ ಕೊಡದ ನೀರು ಕುಡಿದವು.

ಸೋಮವಾರ ಪ್ರಾರ್ಥನೆಯಲ್ಲಿ ಸನ್ಮಾನ. ಸ್ಟುಡಿಯೋದ ಫೋಟೋ ಬಂದಿತ್ತು: ಹೆಡ್‌ಮಾಸ್ತರರು, ಕಪ್ಪು, ಹಿಂದೆ ಪರದೆಯ ಮೇಲೆ ಬಿಡಿಸಿದ ಹಿಮದ ಬೆಟ್ಟ. ಫೋಟೋದಲ್ಲಿ ಹುಡುಗಿಯರಿರಲಿಲ್ಲ. ಹೆಡ್‌ಮಾಸ್ತರರು ತಮ್ಮ ಭಾಷಣ ಮುಗಿಸಿ, ನಾಲ್ಕು ಮಾತು ಆಡೆಂದು ಕ್ಯಾಪ್ಟನ್ ಮುಂದೆ ಮೈಕ್ ಹಿಡಿದರು.

"ಎಲ್ಲಾರಿಗೂ ನಮಸ್ಕಾರ್ರಿ. ನಾವು ಎರಡು ಪಾಯಿಂಟಿಗಿ ಸೋತೇವ್ರಿ. ಹೋದ ವರ್ಷ ಒಂಬತ್ತಕ್ಕ ಸೋತಿದ್ದೆವು. ನಾ ಫೌಲ್ ಮಾಡಲಿಲ್ರಿ" ಎಂದಳು.

ಅವಳ ಮಾತು ಕೇಳಿಸಿಕೊಳ್ಳುವ ಮೊದಲೇ ಹೆಡ್‌ಮಾಸ್ತರರು ಚಪ್ಪಾಳೆ ಶುರು ಮಾಡಿದ್ದರು. ಅವರು ತಟ್ಟಿದ ಮೇಲೆ ಶಾಲೆಯೆಲ್ಲ ತಟ್ಟಿತು. ಅವಳು ಹೇಳಿದ್ದು ಅವರಿಗೆ ಅರ್ಥವಾದದ್ದು ನಡುವೆ, ಕೈ ನಿಲ್ಲಿಸಲಾರದ ಹೊತ್ತಿನಲ್ಲಿ. ಮುಖ ಒಂದು ಹೇಳುತ್ತಿತ್ತು, ಕೈ ಇನ್ನೊಂದು.

ಗೆದ್ದ ತಂಡವೆಂದು ನಾವೇ ಮುಂದಿನ ಹಂತಕ್ಕೆ ಹೋದೆವು, ಮೊದಲ ಪಂದ್ಯದಲ್ಲೇ ಸೋತು ಬಂದೆವು. ಹೆಡ್‌ಮಾಸ್ತರರ ಆಸಕ್ತಿ ವಿಜ್ಞಾನ ಪ್ರದರ್ಶನದ ಕಡೆ ತಿರುಗಿತು. ಅಲ್ಲಿಯೂ ಒಂದು ಕಪ್ಪು ಇತ್ತಂತೆ. ನಮಗೆ ಮೈದಾನ ಸಿಕ್ಕಿತು. ಆ ಪಂದ್ಯ ಸೋತು ಬಸ್ಸಿನಲ್ಲಿ ವಾಪಸು ಬರುವಾಗಲೇ ಟೇಲರ್ ಮಗಳು ಕಂಬದ ಹತ್ತಿರ ತಿರುಗುವಾಗ ಯಾವ ಕಾಲು ಮುಂದಿಡಬೇಕೆಂದು ಕೇಳಿದ್ದಳು. ಮರುದಿನ ಸಂಜೆ ಅದನ್ನೇ ಹಿಡಿದು ಕೂತೆವು.