ಕುರ್ಚಿ ಬದಲಾಯಿಸಿ ಬರೆದ ಪರೀಕ್ಷೆ

ನಿಮಗೊಂದು ಪ್ರಶ್ನೆ ಹಾಕಲೇ? ಸಾರು ಚೆನ್ನಾಗಿದೆ, ಪಲ್ಯ ಇನ್ನೂ ಚೆನ್ನಾಗಿದೆ, ಅನ್ನ ಮಾತ್ರ ಒಂದಿಷ್ಟು ಗಟ್ಟಿಯಾಗಿ ಉಳಿದಿದೆ. ಅಷ್ಟಕ್ಕೇ ಎಲೆ ಮಡಿಚಿ, ಅಡುಗೆ ಮಾಡಿದವಳನ್ನು ಮನೆಯಿಂದಲೇ ಹೊರಗೆ ಕಳಿಸುವ ಮಹಾರಾಯರನ್ನು ಎಲ್ಲಾದರೂ ಕಂಡಿದ್ದೀರಾ? ನಾನು ಕಂಡಿದ್ದೇನೆ. ಬ್ಯಾಂಕ್ ಕೆಲಸಕ್ಕೆ ಪರೀಕ್ಷೆ ನಡೆಸುವವರು ಅವರು.

ಫೋನಿನಲ್ಲಿ ಕನ್ನಡ ಒತ್ತುವುದನ್ನು ನನಗೆ ಈಚೆಗೆ ಕಲಿಸಿದವಳು ನನ್ನ ಮೊಮ್ಮಗಳು. ಕಲಿತ ಕೈಯಲ್ಲಿ ಅವಳ ವಿಷಯವನ್ನೇ ಬರೆಯುತ್ತಿದ್ದೇನೆ. ಗೊತ್ತಾದರೆ ಫೋನ್ ಕಿತ್ತುಕೊಳ್ಳುತ್ತಾಳೆ.

ತಿಲಕ್ ನಗರದಲ್ಲಿ ನಮ್ಮದೊಂದು ಫ್ಯಾನ್ಸಿ ಸ್ಟೋರ್ ಇದೆ. ಬಳೆ, ಕ್ಲಿಪ್ಪು, ರಿಬ್ಬನ್ನು. ಮಗ, ಸೊಸೆ ವ್ಯಾಪಾರ ನೋಡಿಕೊಳ್ಳುತ್ತಾರೆ. ಮೊಮ್ಮಗಳು ಬಿ.ಕಾಂ ಮುಗಿಸಿದಾಗಿನಿಂದ ಗಲ್ಲಾದ ಹಿಂದೆ ಕೂತಿದ್ದಳು. ಗಿರಾಕಿ ಸಾಮಾನು ಕೆಳಗಿಡುವುದರೊಳಗೆ ಒಟ್ಟು ಎಷ್ಟು, ರಿಯಾಯಿತಿ ಕಳೆದರೆ ಎಷ್ಟು ಎಂದು ಬಾಯಲ್ಲೇ ಹೇಳುತ್ತಿದ್ದಳು. ಅವಳಿಗೆ ಆ ಗಲ್ಲಾ ಸಾಕಾಗಿತ್ತು. ಬ್ಯಾಂಕಿನ ಕ್ಲರ್ಕ್ ಆಗಬೇಕು, ತನ್ನದೊಂದು ಕೆಲಸ, ತನ್ನದೊಂದು ಸಂಬಳ ಎನ್ನುವುದೊಂದೇ ಆಸೆ. ಆದರೆ ವಯಸ್ಸಿನ ಮಿತಿ ಹತ್ತಿರ ಬಂದುಬಿಟ್ಟಿತ್ತು. ವಿನಾಯಿತಿ ಕೇಳುವ ವರ್ಗವೂ ನಮ್ಮದಲ್ಲ. ಆ ವರ್ಷದ ಪರೀಕ್ಷೆಯೇ ಕ್ಲರ್ಕ್ ಹುದ್ದೆಗೆ ಅವಳ ಕೊನೆಯದು.

ಮೊದಲ ಹಂತದಲ್ಲಿ ಮೂರು ಭಾಗ: ಇಂಗ್ಲಿಷ್, ಲೆಕ್ಕ, ರೀಸನಿಂಗ್. ರೀಸನಿಂಗ್ ಎಂದರೆ ಯಾರ ಎಡಕ್ಕೆ ಯಾರು ಕೂತಿದ್ದಾರೆ, ಯಾರ ಅತ್ತೆಗೆ ಯಾರು ನಾದಿನಿ ಎಂದು ಪತ್ತೆ ಹಚ್ಚುವುದು. ನಮ್ಮ ಮನೆ ಹೆಂಗಸರಿಗೆ ಅದಕ್ಕೆ ಕ್ಲಾಸೇ ಬೇಡ. ಮೂರು ಭಾಗಕ್ಕೂ ಬೇರೆ ಬೇರೆ ಸಮಯ, ಬೇರೆ ಬೇರೆ ಕಟಾಫ್. ಕತ್ರಿಗುಪ್ಪೆಯಲ್ಲಿ ಅವಳು ಹೋಗುತ್ತಿದ್ದ ಕೋಚಿಂಗ್ ಕ್ಲಾಸಿನ ಮೇಷ್ಟ್ರು ಮೊದಲ ದಿನವೇ ಹೇಳಿದ್ದರಂತೆ: "ಒಟ್ಟು ಮಾರ್ಕ್ಸ್ ಎಷ್ಟೇ ಬರ್ಲಿ, ಒಂದು ಸೆಕ್ಷನ್‌ನಲ್ಲಿ ಕಟಾಫ್ ದಾಟ್ಲಿಲ್ಲ ಅಂದ್ರೆ ಮನೆಗೆ ಹೋಗ್ತಾ ಇರಿ. ಇನ್ನೆರಡರಲ್ಲಿ ಬಂದ ಜಾಸ್ತಿ ಮಾರ್ಕ್ಸ್ ಇದಕ್ಕೆ ತುಂಬ್ಸೋಕಾಗಲ್ಲ."

ನಮ್ಮವಳು ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮ. ಲೆಕ್ಕವೆಂದರೆ ಹಬ್ಬ, ಇಂಗ್ಲಿಷ್ ಎಂದರೆ ಹೊಟ್ಟೆನೋವು. ಅದೇ ಸಮಯಕ್ಕೆ ನಮ್ಮ ಮಹಡಿಯ ಒಂದು ಕೋಣೆಗೆ ಬಾಡಿಗೆಗೆ ಬಂದ ಹುಡುಗಿಯೂ ಅದೇ ಪರೀಕ್ಷೆಗೆ ಓದುತ್ತಿದ್ದಳು. ಅವಳು ಕಾನ್ವೆಂಟಿನವಳು, ವಯಸ್ಸಿನಲ್ಲಿ ನಾಲ್ಕೈದು ವರ್ಷ ಚಿಕ್ಕವಳು. ಇಂಗ್ಲಿಷನ್ನು ಕಡಲೆಪುರಿ ತಿಂದ ಹಾಗೆ ಓದುತ್ತಿದ್ದಳು, ಶೇಕಡಾ ಲೆಕ್ಕ ಕಂಡರೆ ಉಗುರು ಕಚ್ಚುತ್ತಿದ್ದಳು.

ಇಬ್ಬರೂ ಸೇರಿ ಅಣಕು ಪರೀಕ್ಷೆಯ ಒಂದು ಆಪ್‌ಗೆ ಒಂದೇ ಚಂದಾ ಕಟ್ಟಿದರು. ಅದರಲ್ಲಿ ಒಂದು ಪರೀಕ್ಷೆಯನ್ನು ಒಂದು ಖಾತೆಯಿಂದ ಒಂದೇ ಸಲ ಬರೆಯಬಹುದು. ಮೊದಮೊದಲು ಈ ವಾರ ನೀನು, ಮುಂದಿನ ವಾರ ನಾನು ಎಂದು ಸರದಿ ಮಾಡಿಕೊಂಡರು. ನಮ್ಮವಳ ಸರದಿಯಲ್ಲಿ ಇಂಗ್ಲಿಷ್ ಕೆಳಗೆ ಬೀಳುತ್ತಿತ್ತು, ಅವಳ ಸರದಿಯಲ್ಲಿ ಲೆಕ್ಕ. ಬಿದ್ದದ್ದನ್ನು ದಿನಾ ನೋಡುವುದು ಯಾರಿಗೆ ಬೇಕು?

ಒಂದು ಭಾನುವಾರ ಮಧ್ಯಾಹ್ನ ನಮ್ಮ ನಡುಮನೆಯ ಟೇಬಲ್ಲಿನಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದರು. ಇಂಗ್ಲಿಷ್ ಶುರುವಾಯಿತು. ಸರದಿ ನಮ್ಮವಳದು, ಮುಖ ಸಪ್ಪಗಾಗಿತ್ತು.

"ಅಕ್ಕ, ಇದೊಂದು ಪ್ಯಾಸೇಜ್ ನಾನು ಮಾಡ್ಲಾ? ಚೆನ್ನಾಗಿದೆ," ಎಂದಳು ಮಹಡಿಯವಳು.

"ಮಾಡೇ ಮಾರಾಯ್ತಿ, ಪುಣ್ಯ ಬರುತ್ತೆ," ಎಂದು ನಮ್ಮವಳು ಕುರ್ಚಿ ಬಿಟ್ಟುಕೊಟ್ಟಳು.

ಇಂಗ್ಲಿಷ್ ಸಮಯ ಮುಗಿದು ತೆರೆ ತಾನಾಗಿ ಲೆಕ್ಕಕ್ಕೆ ಹೊರಳಿತು. ಈಗ ಮಹಡಿಯವಳು ಎದ್ದಳು, ನಮ್ಮವಳು ಕೂತಳು. ಮಜ್ಜಿಗೆ ತಂದಿಡಲು ಬಂದಿದ್ದ ನಾನು ಅದನ್ನು ನೋಡಿ ನಮ್ಮವಳ ಬೆನ್ನಿಗೆ ತಟ್ಟಿ "ಖೊ!" ಎಂದೆ. ಮೂವರೂ ನಕ್ಕೆವು. ರೀಸನಿಂಗನ್ನು ಇಬ್ಬರೂ ತಲೆಗೆ ತಲೆ ತಾಗಿಸಿಕೊಂಡು ಮಾಡಿದರು. ಕೊನೆಗೆ ಬಂದ ರ‍್ಯಾಂಕ್ ನೋಡಿ ಇಬ್ಬರೂ ಕಿರುಚಿದ್ದಕ್ಕೆ ಪಕ್ಕದ ಮನೆಯವರು ಕಿಟಕಿ ತೆಗೆದರು. ದೇಶದಲ್ಲಿ ಆ ಅಣಕು ಪರೀಕ್ಷೆ ಬರೆದವರ ನಡುವೆ ಅಷ್ಟು ಮೇಲೆ ಅವರಿಬ್ಬರಲ್ಲಿ ಯಾರೂ ಅದುವರೆಗೆ ಹೋಗಿರಲಿಲ್ಲ.

ಅಲ್ಲಿಂದ ಪ್ರತಿ ಭಾನುವಾರ ಅದೇ ಆಟ. ಸೆಕ್ಷನ್ ಬದಲಾದಾಗ "ಖೊ" ಎನ್ನುವ ಕೆಲಸ ನನ್ನದು. ರ‍್ಯಾಂಕ್ ಏರುತ್ತಾ ಹೋಯಿತು. ಪಾರ್ಕಿನಲ್ಲಿ ನನ್ನ ಜೊತೆಯವರ ಹತ್ತಿರ ನಾನು ಆ ಅಂಕಿಗಳನ್ನು ಬಾಯಿಪಾಠ ಒಪ್ಪಿಸಿದೆ. ಅಂಗಡಿಗೆ ಬರುವ ಹೆಂಗಸರು ಅವಳನ್ನು ಆಗಲೇ "ಬ್ಯಾಂಕ್ ಮೇಡಂ" ಎನ್ನತೊಡಗಿದರು.

ಕೋಚಿಂಗ್ ಮೇಷ್ಟ್ರು ಒಬ್ಬೊಬ್ಬರದೇ ಅಂಕ ಕೇಳುತ್ತಿದ್ದರಂತೆ. ಇವಳು ಆಪ್ ತೆಗೆದು ತೋರಿಸಿದಳು. ಅವರು ಕನ್ನಡಕ ಸರಿ ಮಾಡಿಕೊಂಡು, "ಇಂಗ್ಲಿಷ್ ಸಖತ್ ಇಂಪ್ರೂವ್ ಆಗಿದ್ಯಲ್ಲಮ್ಮಾ! ಇನ್ನು ಅದಕ್ಕೆ ಟೈಮ್ ಹಾಳು ಮಾಡ್ಬೇಡ. ಲೆಕ್ಕದಲ್ಲಿ ಸ್ಪೀಡ್ ನೋಡ್ಕೋ," ಎಂದರು. ಆ ಅಂಕ ಯಾರದು ಎಂದು ಅವರು ಕೇಳಲಿಲ್ಲ, ಇವಳು ಹೇಳಲಿಲ್ಲ. ಮನೆಗೆ ಬಂದು ನಮಗೆ ಹೇಳುವಾಗ ಅವಳಿಗೂ ಅದು ತನ್ನದೇ ಎನ್ನಿಸಿಬಿಟ್ಟಿತ್ತು. ಇಂಗ್ಲಿಷ್ ಪೇಪರು ಓದುವುದನ್ನು ಬಿಟ್ಟಳು. ಅತ್ತ ಮಹಡಿಯವಳು ಶೇಕಡಾ ಲೆಕ್ಕ ಬಿಟ್ಟಳು. ಇಬ್ಬರಿಗೂ ತಮ್ಮ ತಮ್ಮ ಹಬ್ಬವೇ ದಿನವೂ.

ಪರೀಕ್ಷೆಯ ದಿನ ಕನಕಪುರ ರಸ್ತೆಯ ಕಡೆ ಒಂದು ಕಾಲೇಜಿನಲ್ಲಿ ಸೆಂಟರ್. ನಾನೂ ಆಟೋ ಹತ್ತಿ ಹೋದೆ. ಗೇಟಿನಲ್ಲಿ ಅವಳ ಬಳೆ, ಓಲೆ ಬಿಚ್ಚಿಸಿ ನನ್ನ ಕೈಗೆ ಕೊಟ್ಟರು. ಬಳೆ ಅಂಗಡಿಯ ಹುಡುಗಿ ಬೋಳು ಕೈಯಲ್ಲಿ ಒಳಗೆ ಹೋದಳು.

ಹೊರಗೆ ಬಂದವಳು ಆಟೋದಲ್ಲಿ ಸೌತ್ ಎಂಡ್ ಸರ್ಕಲ್‌ವರೆಗೂ ಬಳೆಗಳನ್ನು ಒಂದೊಂದಾಗಿ ಹಾಕಿಕೊಂಡಳು. ಆಮೇಲೆ ಹೊರಗೆ ನೋಡುತ್ತಲೇ ಹೇಳಿದಳು.

"ಮೊದ್ಲು ಇಂಗ್ಲಿಷೇ ಬಂತು ಅಜ್ಜಿ. ಪ್ಯಾಸೇಜ್ ಓದೋದ್ರಲ್ಲೇ ಅರ್ಧ ಟೈಮ್ ಹೋಯ್ತು. ಕೊನೇಲಿ ಭಯ ಆಗಿ ಸಿಕ್ಕಿದ್ದೆಲ್ಲಾ ಒತ್ತಿದೆ."

"ಒತ್ತಿದ್ರೆ ಒಂದೆರಡಾದ್ರೂ ಸರಿ ಬಂದಿರುತ್ತೆ ಬಿಡು."

"ತಪ್ಪಾದ ಒಂದೊಂದಕ್ಕೂ ಕಾಲು ಮಾರ್ಕ್ ಕತ್ತರಿಸ್ತಾರೆ." ಓಲೆ ಸಿಕ್ಕಿಸಿಕೊಳ್ಳುತ್ತಾ, "ಲೆಕ್ಕ ಬೇಗ ಮುಗೀತು. ಟೈಮ್ ಮಿಕ್ಕಿತ್ತು. ಸುಮ್ನೆ ಗಡಿಯಾರ ನೋಡ್ತಾ ಕೂತಿದ್ದೆ. ಆ ಟೈಮ್‌ನ ಇಂಗ್ಲಿಷ್‌ಗೆ ತಗೊಂಡು ಹೋಗೋ ಹಾಗಿದ್ದಿದ್ರೆ..." ಎಂದಳು.

ಅಂಗಡಿಯಲ್ಲಾದರೆ ಒಂದು ಡಬ್ಬದ ಚಿಲ್ಲರೆಯನ್ನು ಇನ್ನೊಂದಕ್ಕೆ ಸುರಿದುಕೊಂಡು ಬೆಳೆದವಳು. ಪರೀಕ್ಷೆಯಲ್ಲಿ ಡಬ್ಬಗಳಿಗೆ ಬೀಗ.

ಫಲಿತಾಂಶ ಬಂತು, ಆಮೇಲೆ ಅಂಕಪಟ್ಟಿಯೂ ಬಂತು. ಒಟ್ಟು ಅಂಕ ಕಟಾಫಿಗಿಂತ ಎಷ್ಟೋ ಮೇಲೆ. ಲೆಕ್ಕ ಬೆಟ್ಟದಷ್ಟು, ರೀಸನಿಂಗೂ ಮೇಲೆ. ಇಂಗ್ಲಿಷ್ ಕಟಾಫಿಗಿಂತ ಅರ್ಧ ಅಂಕ ಕೆಳಗೆ. ಕುರುಡಾಗಿ ಒತ್ತಿದ ಎರಡು ಮೂರು ಉತ್ತರವನ್ನು ಖಾಲಿ ಬಿಟ್ಟಿದ್ದರೆ ದಾಟುತ್ತಿದ್ದಳೋ ಏನೋ. ಮಹಡಿಯವಳದು ಇದರ ಕನ್ನಡಿಯ ಬಿಂಬ: ಇಂಗ್ಲಿಷ್ ಆಕಾಶದಲ್ಲಿ, ಲೆಕ್ಕ ನೆಲದ ಕೆಳಗೆ.

ಸೊಸೆ ಅಡುಗೆಮನೆಯಿಂದ ಬಂದವಳು ನನ್ನ ಕಡೆಗೇ ತಿರುಗಿದಳು. "ಅತ್ತೆ, ರ‍್ಯಾಂಕು ರ‍್ಯಾಂಕು ಅಂತ ಊರೆಲ್ಲಾ ಸಾರಿದ್ರಲ್ಲಾ, ಎಲ್ಲಿ ರೀ ಅದು?"

"ಇತ್ತಮ್ಮಾ," ಎಂದೆ. "ಇಬ್ಬರದ್ದೂ ಸೇರಿ ಒಂದಿತ್ತು. ಪರೀಕ್ಷೆಯವರು ಇಬ್ಬರನ್ನ ಒಂದೇ ಕುರ್ಚಿಗೆ ತಗೊಳಲ್ವಂತೆ."

ಯಾರೂ ನಗಲಿಲ್ಲ. ಮೊಮ್ಮಗಳು ಎದ್ದು ಅಂಗಡಿಗೆ ಹೋದಳು. ಅವತ್ತು ಅವಳು ಗಿರಾಕಿಗಳಿಗೆ ಒಟ್ಟು ಮೊತ್ತವನ್ನು ಬಾಯಲ್ಲಿ ಹೇಳಲಿಲ್ಲವಂತೆ, ಕ್ಯಾಲ್ಕುಲೇಟರ್ ಒತ್ತಿ ತೋರಿಸಿದಳಂತೆ. ನಾನು ಪಾರ್ಕಿನಲ್ಲಿ ಬೇರೆ ಬೆಂಚು ಹಿಡಿದೆ.

ನಮ್ಮವಳಿಗೆ ಕ್ಲರ್ಕ್ ಪರೀಕ್ಷೆಯ ವಯಸ್ಸು ಮುಗಿಯಿತು. ಮಹಡಿಯವಳಿಗೆ ಇನ್ನೂ ವರ್ಷಗಳಿದ್ದವು. ಒಂದು ಸಂಜೆ ಅವಳು ಮೆಟ್ಟಿಲ ಮೇಲೆ ನಿಂತು, "ಅಕ್ಕ, ನಂಗೆ ಲೆಕ್ಕ ಹೇಳ್ಕೊಡ್ತೀಯಾ?" ಎಂದಳು.

ನಾನಾಗಿದ್ದರೆ ಬಾಗಿಲು ಹಾಕುತ್ತಿದ್ದೆ. ನಮ್ಮವಳು, "ಹೇಳ್ಕೊಡ್ತೀನಿ. ಆದ್ರೆ ಒಂದು ಸೊನ್ನೇನೂ ನಾನು ಒತ್ತಲ್ಲ. ತಪ್ಪಾದ್ರೂ ನೀನೇ ಒತ್ತು," ಎಂದಳು.

ಒಂದು ವರ್ಷ ಹಾಗೇ ನಡೆಯಿತು. ಮಹಡಿಯವಳು ಅಳುತ್ತಾ ಶೇಕಡಾ ಕಲಿತಳು. ಇಂಗ್ಲಿಷ್ ಹೇಳಿಕೊಡುತ್ತೇನೆ ಎಂದು ಅವಳೂ ಮಾತು ಕೊಟ್ಟಿದ್ದಳು, ಒಂದಿಷ್ಟು ದಿನ ಹೇಳಿಯೂ ಕೊಟ್ಟಳು. ಪರೀಕ್ಷೆ ಹತ್ತಿರ ಬಂದಂತೆ "ನಾಳೆ ಅಕ್ಕ, ನಾಳೆ" ಎನ್ನತೊಡಗಿದಳು. ನಮ್ಮವಳು ಒಬ್ಬಳೇ ಕೂತು ಇಂಗ್ಲಿಷ್ ಪೇಪರನ್ನು ಬೆರಳಿಟ್ಟು ಓದಿದಳು. ಆಫೀಸರ್ ಹುದ್ದೆಯ ಪರೀಕ್ಷೆಗೆ ವಯಸ್ಸಿನ ಮಿತಿ ಸ್ವಲ್ಪ ಮುಂದಿದೆ, ಅಲ್ಲೂ ಅದೇ ಮೂರು ಭಾಗ, ಅದಕ್ಕೆ ಅರ್ಜಿ ಹಾಕಿದ್ದಳು.

ಮಹಡಿಯವಳು ಕ್ಲರ್ಕ್ ಪರೀಕ್ಷೆಯ ಎರಡೂ ಹಂತ ದಾಟಿದಳು. ಬಳ್ಳಾರಿ ಕಡೆ ಕೆಲಸ ಸಿಕ್ಕಿತು. ನಮ್ಮವಳು ಆಫೀಸರ್ ಪರೀಕ್ಷೆಯಲ್ಲಿ ಇಂಗ್ಲಿಷ್ ದಾಟಿದಳು, ಲೆಕ್ಕ ದಾಟಿದಳು, ರೀಸನಿಂಗಿನಲ್ಲಿ ಬಿದ್ದಳು. ವರ್ಷವಿಡೀ ಇಂಗ್ಲಿಷನ್ನೇ ಹಿಡಿದು ಕೂತು, ಬರುತ್ತದಲ್ಲ ಎಂದು ರೀಸನಿಂಗನ್ನು ಮುಟ್ಟಿರಲಿಲ್ಲ. ಯಾರ ಎಡಕ್ಕೆ ಯಾರು ಎನ್ನುವುದರಲ್ಲಿ ಕೈ ಮರೆತು ಹೋಗಿತ್ತು. ಮೂರು ಒಲೆಯಲ್ಲಿ ಯಾವುದರ ಕಡೆ ಬೆನ್ನು ಹಾಕಿದಳೋ ಅದೇ ಸೀಯಿತು.

ಮಹಡಿಯವಳು ಸಾಮಾನು ಕಟ್ಟಿಕೊಂಡು, ಸಿಹಿ ಡಬ್ಬ ಕೊಟ್ಟು ನನ್ನ ಕಾಲಿಗೆ ಬಿದ್ದಳು. "ಅಕ್ಕ ಇಲ್ದಿದ್ರೆ ನಂಗೆ ಲೆಕ್ಕ ಬರ್ತಾನೇ ಇರ್ಲಿಲ್ಲ ಅಜ್ಜಿ."

"ಹೌದಮ್ಮಾ. ನಿಂಗೆ ಅವಳ ಲೆಕ್ಕ ಬಂತು. ಅವಳಿಗೆ ನಿನ್ನ ಡಬ್ಬ ಬಂತು," ಎಂದೆ. ಹುಡುಗಿ ತಲೆ ತಗ್ಗಿಸಿದಳು. ಮೊಮ್ಮಗಳು ನನ್ನನ್ನು ಸುಡುವ ಹಾಗೆ ನೋಡಿ, ಅವಳ ಬ್ಯಾಗನ್ನು ತಾನೇ ಎತ್ತಿಕೊಂಡು ಆಟೋವರೆಗೆ ಹೋದಳು. ಮೈಸೂರ್ ಪಾಕನ್ನು ನಾನು ಮುಟ್ಟಲಿಲ್ಲ. ಎರಡು ದಿನದ ಮೇಲೆ ಮುಟ್ಟಿದೆ, ತುಪ್ಪ ಒಳ್ಳೆಯದಿತ್ತು, ಅದಕ್ಕೂ ಸಿಟ್ಟು ಬಂತು.

ಈಗ ನಮ್ಮವಳಿಗೆ ಆಫೀಸರ್ ಪರೀಕ್ಷೆಗೆ ವಯಸ್ಸು ಉಳಿದಿರುವುದು ಇನ್ನೊಂದೇ ಸಲಕ್ಕೆ. ಅಂಗಡಿ ಬಾಗಿಲು ಹಾಕಿ ಬಂದು ಅದೇ ಟೇಬಲ್ಲಿನಲ್ಲಿ ಕೂರುತ್ತಾಳೆ. ದಿನವೂ ಮೂರನ್ನೂ ಮುಟ್ಟುತ್ತಾಳೆ. ಚೆನ್ನಾಗಿ ಬಂದ ಭಾಗವನ್ನು ಅರ್ಧಕ್ಕೇ ನಿಲ್ಲಿಸಿ ಬಾರದ್ದಕ್ಕೆ ಹೋಗುತ್ತಾಳೆ. ರ‍್ಯಾಂಕ್ ನೋಡುವುದಿಲ್ಲ. ಪಕ್ಕದ ಕುರ್ಚಿ ಖಾಲಿ ಇರುತ್ತದೆ.

ನಿನ್ನೆ ಸಂಜೆ ಆ ಕುರ್ಚಿಯಲ್ಲಿ ನಾನು ಹೋಗಿ ಕೂತೆ. ಬಿಟ್ಟ ಸ್ಥಳಕ್ಕೆ ಪದ ತುಂಬುವ ಇಂಗ್ಲಿಷ್ ಪ್ರಶ್ನೆಯೊಂದರಲ್ಲಿ ಅವಳು ತುಂಬ ಹೊತ್ತಿನಿಂದ ಸಿಕ್ಕಿಕೊಂಡಿದ್ದಳು. ಫೋನ್ ಒತ್ತಿ ಒತ್ತಿ ನನಗೂ ನಾಲ್ಕು ಇಂಗ್ಲಿಷ್ ಪದ ಗೊತ್ತಾಗಿವೆ. ಕತ್ತು ಚಾಚಿ, "ಮೂರನೇದು ಒತ್ತೇ. ನೋಡೋಕೆ ಲಕ್ಷಣವಾಗಿದೆ," ಎಂದು ತೆರೆಯ ಮೇಲೆ ಬೆರಳಿಟ್ಟೆ.

ಅವಳು ನನ್ನ ಬೆರಳನ್ನು ಹಿಡಿದು ಪಕ್ಕಕ್ಕೆ ಸರಿಸಿದಳು.

"ನನ್ ಬದ್ಲು ಇಂಗ್ಲಿಷ್ ಮಾಡೋರು ಸಿಕ್ಕಿದ್ದು ಸಾಕು ಅಜ್ಜಿ. ಈ ಸಲ ಬಿದ್ರೂ ನಾನೇ ಬೀಳ್ತೀನಿ. ಎದ್ದೇಳು ಆ ಕುರ್ಚಿಯಿಂದ."