ಚಾಚಾ ಕಟ್ಟಬೇಕೆಂದ ಕೋಲ್ಡ್ ಸ್ಟೋರೇಜ್

ಹಲಸೂರಿನ ನಮ್ಮ ಆಫೀಸಿನಲ್ಲಿ ನಾನು ಸೇರಿದ ಹೊಸದರಲ್ಲಿ ಕೆಲಸ ಒಂದೇ. ಯಾರಾದರೂ ಫ್ಯಾಕ್ಟರಿಯನ್ನೋ ಗೋದಾಮನ್ನೋ ಕಟ್ಟುತ್ತೇನೆಂದು ಬಂದರೆ, ಅದು ಆಗುವ ಕೆಲಸವೋ ಅಲ್ಲವೋ ಎಂದು ನೋಡಿ, ಬ್ಯಾಂಕಿಗೆ ಕೊಡಲು ವರದಿ ಬರೆಯುವುದು. ನಮ್ಮ ಸರ್ ಮೊದಲು ಬ್ಯಾಂಕಿನಲ್ಲೇ ಇದ್ದವರು. "ಆಗಲ್ಲ ಅಂತ ಬರೆಸ್ಕೊಳ್ಳೋಕೆ ಯಾರೂ ಫೀಸ್ ಕೊಡಲ್ಲಮ್ಮ," ಅನ್ನುತ್ತಿದ್ದರು. ನನಗೆ ಮೂಗಿನ ತುದಿಯಲ್ಲೇ ಕೋಪ. ಹಾಗಾದರೆ ವರದಿ ಯಾಕೆ ಬೇಕು ಸಾರ್ ಎಂದು ಮುಖಕ್ಕೆ ಹೊಡೆದ ಹಾಗೆ ಕೇಳಿಬಿಟ್ಟಿದ್ದೆ. ಪುಣ್ಯಾತ್ಮರು ನಕ್ಕುಬಿಟ್ಟಿದ್ದರು.

ತೊಂಬತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ. ಶಿವಾಜಿನಗರದ ಹಣ್ಣಿನ ಮಾರ್ಕೆಟ್ಟಿನ ಒಬ್ಬ ಹಿರಿಯ ವ್ಯಾಪಾರಿ ನಮ್ಮಲ್ಲಿಗೆ ಬಂದರು. ಮಾರ್ಕೆಟ್ಟೆಲ್ಲ ಅವರನ್ನು ಚಾಚಾ ಎನ್ನುತ್ತಿತ್ತು, ನಾನೂ ಹಾಗೇ ಕರೆದೆ. ಉತ್ತರದಿಂದ ಲಾರಿಗಟ್ಟಲೆ ಸೇಬು ತರಿಸಿ ಮಾರುವುದು ಅವರ ಕಸುಬು. ಬೇಸಿಗೆಯಲ್ಲಿ ಗೋದಾಮಿನೊಳಗೆ ಕೊಳೆತ ಹಣ್ಣನ್ನು ಸಂಜೆ ಹಸುಗಳಿಗೆ ಸುರಿಯುವುದನ್ನು ನೋಡಿ ನೋಡಿ ಅವರಿಗೆ ಸಾಕಾಗಿತ್ತು. ಕೆ.ಆರ್. ಪುರಂ ದಾಟಿದ ಮೇಲೆ ತಾಯಿಯ ಕಡೆಯಿಂದ ಬಂದ ಜಮೀನಿತ್ತು. ಅಲ್ಲಿ ಕೋಲ್ಡ್ ಸ್ಟೋರೇಜ್ ಕಟ್ಟಬೇಕು, ಅದಕ್ಕೆ ಹಲಸೂರಿನ ಸ್ವಂತ ಮನೆಯನ್ನು ಬ್ಯಾಂಕಿಗೆ ಅಡ ಇಡಬೇಕು. ಇದು ಅವರ ಲೆಕ್ಕ. ಅವರು ಹುಟ್ಟಿದ ಮನೆ ಅದು. ಲೆಕ್ಕ ತಪ್ಪಿದರೆ ಮನೆ ಹೋಗುತ್ತದೆ.

ಹಳೇ ಮದ್ರಾಸ್ ರಸ್ತೆಯ ಬಸ್ಸಿನಲ್ಲಿ ಧೂಳು ಕುಡಿಯುತ್ತಾ ಆ ಜಮೀನಿಗೆ ಎಷ್ಟು ಸಲ ಹೋಗಿದ್ದೇನೋ! ಸುತ್ತಲೂ ಇನ್ನೂ ರಾಗಿ ಹೊಲ. ಚಾಚಾ ಕೊಡೆ ಹಿಡಿದು ನಿಂತು, "ಇಲ್ಲಿ ಬಾಗಿಲು ಬೇಟಿ, ಅಲ್ಲಿ ಮಿಷನ್ನು," ಎಂದು ಗಾಳಿಯಲ್ಲೇ ಕಟ್ಟಡ ಎಬ್ಬಿಸುತ್ತಿದ್ದರು. ಆ ದಿನಗಳನ್ನು ನೆನೆದರೆ ಈಗಲೂ ಮನಸ್ಸು ತಂಪಾಗುತ್ತದೆ.

ಕಾಗದಪತ್ರದಲ್ಲಿ ಒಂದೇ ತೊಡಕು. ಜಮೀನಿನಲ್ಲಿ ಅವರ ಅಕ್ಕತಂಗಿಯರಿಗೂ ಪಾಲಿತ್ತು. ಅವರು ಹಕ್ಕು ಬಿಟ್ಟುಕೊಟ್ಟು ರಿಜಿಸ್ಟರ್ ಮಾಡಿಸದೆ ಬ್ಯಾಂಕಿನ ವಕೀಲರು ಒಪ್ಪುವಂತಿರಲಿಲ್ಲ. ಅಕ್ಕತಂಗಿಯರು ಬಂದು ರುಜು ಹಾಕಿದರು. ಆಮೇಲೆ ವ್ಯವಸಾಯದ ಜಮೀನನ್ನು ಬೇರೆ ಬಳಕೆಗೆ ಪರಿವರ್ತನೆ ಮಾಡಿಸಲು ಡಿ.ಸಿ. ಆಫೀಸಿಗೆ ಅರ್ಜಿ ಹೋಯಿತು. ನಗರದ ನಕ್ಷೆಯಲ್ಲಿ ಆ ಜಾಗ ಕಟ್ಟಡ ಕಟ್ಟಲು ಬಿಡದ ಹಸಿರು ಪಟ್ಟಿಯೊಳಗೆ ಬಿದ್ದಿರಲಿಲ್ಲ, ಅದೊಂದು ಅದೃಷ್ಟ.

ಯಂತ್ರದ ಕಡೆಯಿಂದಲೂ ಅಡ್ಡಿಯಿರಲಿಲ್ಲ. ಅಮೋನಿಯಾ ಕಂಪ್ರೆಸರ್, ಗೋಡೆಗೆ ಥರ್ಮೊಕೋಲ್ ಹೊದಿಕೆ, ಕರೆಂಟ್ ಹೋದರೆ ಜನರೇಟರ್. ಬೋರ್‌ವೆಲ್ ನೀರು ಗಡಸಾಗಿದ್ದರಿಂದ ಕೊಳವೆಗಳಲ್ಲಿ ಸುಣ್ಣ ಕಟ್ಟದಂತೆ ಅದನ್ನು ಮೆದುಗೊಳಿಸುವ ಘಟಕವನ್ನೂ ಸೇರಿಸಿದೆವು. ಸೇಬನ್ನೂ ಬಾಡಿಗೆಗೆ ಬರಬಹುದಾದ ಆಲೂಗಡ್ಡೆಯನ್ನೂ ಒಂದೇ ಕೋಣೆಯಲ್ಲಿ ಇಡೋಣವೆಂದು ಚಾಚಾ ಹಟ ಹಿಡಿದಿದ್ದರು. ಸೇಬು ಬಿಡುವ ಅನಿಲಕ್ಕೆ ಆಲೂಗಡ್ಡೆ ಕೆಡುತ್ತದೆ, ಆಲೂಗಡ್ಡೆಯ ಮಣ್ಣು ವಾಸನೆ ಸೇಬಿಗೆ ಹಿಡಿಯುತ್ತದೆ, ಸಾಲದ್ದಕ್ಕೆ ಎರಡಕ್ಕೂ ಬೇಕಾದ ಚಳಿ ಬೇರೆ. "ಅತ್ತೆ ಸೊಸೆನ ಒಂದೇ ರೂಮಲ್ಲಿ ಕೂಡಿಹಾಕ್ದಂಗೆ ಆಗುತ್ತೆ ಚಾಚಾ," ಎಂದೆ. ಅವರು ಗಹಗಹಿಸಿ ನಕ್ಕು ಬೇರೆ ಕೋಣೆಗೆ ಒಪ್ಪಿದರು.

ಉಳಿದದ್ದು ಲಾಭನಷ್ಟದ ಪ್ರಶ್ನೆ. ಕೋಲ್ಡ್ ಸ್ಟೋರೇಜ್ ಅರ್ಧ ಖಾಲಿಯಿದ್ದರೂ ಕರೆಂಟ್ ಬಿಲ್ಲು ಅರ್ಧವಾಗುವುದಿಲ್ಲ, ಬ್ಯಾಂಕಿನ ಕಂತಂತೂ ಒಂದು ಪೈಸೆ ಇಳಿಯುವುದಿಲ್ಲ. ಚಾಚಾನ ಸೇಬು ತುಂಬಿದರೆ ಒಂದು ಮೂಲೆ ತುಂಬುತ್ತದೆ, ಅಷ್ಟೇ. ಬೇರೆ ವ್ಯಾಪಾರಿಗಳು ಬಾಡಿಗೆ ಕೊಟ್ಟು ಮಾಲು ಇಟ್ಟರೆ ಮಾತ್ರ ಸಾಲ ತೀರುವುದು. ಹಾಗಾಗಿ ಮಾರ್ಕೆಟ್ಟಿನಲ್ಲಿ ವಿಚಾರಿಸಲು ಹೊರಟೆ. ಚಾಚಾನೇ ಕೈಹಿಡಿದ ಹಾಗೆ ಅಂಗಡಿ ಅಂಗಡಿಗೆ ಕರೆದುಕೊಂಡು ಹೋದರು. ಎಲ್ಲರೂ ಎದ್ದು ನಿಂತು, ಎದೆಯ ಮೇಲೆ ಕೈ ಇಟ್ಟು, "ನಿಮ್ಮದರಲ್ಲಿ ಇಡದೆ ಇನ್ನೆಲ್ಲಿ ಇಡ್ತೀವಿ ಚಾಚಾ?" ಅಂದರು. ಎಷ್ಟು ಪೆಟ್ಟಿಗೆ ಎಂದು ನಾನು ಕೇಳಿದರೆ ಮಾತ್ರ, "ಅದೆಲ್ಲ ಆಮೇಲೆ ನೋಡೋಣ ಮೇಡಂ, ಮೊದ್ಲು ಚಾ ಕುಡೀರಿ." ಚಾ ಕುಡಿದೂ ಕುಡಿದೂ ಹೊಟ್ಟೆ ಉರಿಯಿತೇ ಹೊರತು ಒಂದು ಅಂಕಿಯೂ ಸಿಗಲಿಲ್ಲ. ನನಗೆ ತಲೆ ಕೆಟ್ಟುಹೋಯಿತು.

ಮಾರನೆಯ ವಾರ ಒಬ್ಬಳೇ ಹೋದೆ. ಚಾಚಾನ ಪಕ್ಕದ ಅಂಗಡಿಯವನು, ಅವರಿಗಿಂತ ಕಿರಿಯ, ಗಿರಾಕಿಯ ಜೊತೆ ಟವೆಲ್ ಕೆಳಗೆ ಕೈ ಹಿಡಿದುಕೊಂಡು ಬೆರಳಲ್ಲೇ ರೇಟು ಹೇಳುತ್ತಿದ್ದ. ಆ ಮಾರ್ಕೆಟ್ಟಿನಲ್ಲಿ ದೊಡ್ಡ ವ್ಯಾಪಾರ ಹಾಗೇ ನಡೆಯುತ್ತಿತ್ತು, ಪಕ್ಕದವನಿಗೆ ಬೆಲೆ ತಿಳಿಯಬಾರದು ಎಂದು. ಗಿರಾಕಿ ಹೋದ ಮೇಲೆ ನಾನು, "ನಿಜ ಹೇಳಿ ಭಾಯ್, ಇಡ್ತೀರೋ ಇಲ್ವೋ?" ಎಂದು ಕೇಳಿಯೇಬಿಟ್ಟೆ.

ಅವನು ಅತ್ತಿತ್ತ ನೋಡಿ ದನಿ ತಗ್ಗಿಸಿದ. "ನೋಡಿ ಮೇಡಂ, ಚಾಚಾ ಅಂದ್ರೆ ನಮ್ಗೆ ಅಪ್ಪ ಇದ್ದಂಗೆ. ಆದ್ರೆ ನನ್ನ ಮಾಲು ಎಷ್ಟು ಉಳಿದಿದೆ ಅಂತ ದಿನಾ ಅವ್ರಿಗೆ ಗೊತ್ತಾದ್ರೆ, ನಾಳೆ ರೇಟ್ ಇಡೋರು ಯಾರು? ಅವ್ರೂ ಸೇಬೇ ಮಾರೋದು ಅಲ್ವಾ? ಮುಖ ನೋಡ್ಕೊಂಡು ಇಲ್ಲ ಅನ್ನೋಕೆ ಯಾರಿಗೂ ಆಗಲ್ಲ. ಯಾರೂ ಇಡಲ್ಲ. ಬರ್ಕೊಳ್ಳಿ."

ಅಯ್ಯೋ ದೇವರೇ! ಮಾರ್ಕೆಟ್ಟೆಲ್ಲ ಹೂಂ ಅಂದದ್ದು ಬರೀ ಮರ್ಯಾದೆಗೆ. ಇನ್ನೂ ನಾಲ್ಕಾರು ಕಡೆ ಕೇಳಿದೆ. ಮಾತು ಬೇರೆ ಬೇರೆ, ಅರ್ಥ ಅದೇ.

ಆಫೀಸಿಗೆ ಬಂದು ಬಾಡಿಗೆಯ ಆದಾಯ ಬಿಟ್ಟು ಲೆಕ್ಕ ಹಾಕಿದರೆ ಮೊದಲ ವರ್ಷವೇ ಕಂತು ಕಟ್ಟಲು ಆಗುವುದಿಲ್ಲ. ಸರ್ ಕಂಪ್ಯೂಟರ್ ಪರದೆಯನ್ನೇ ನೋಡುತ್ತಾ ಕೂತರು. ಈ ಸಲ ಅವರ ಬಾಯಲ್ಲಿ ಫೀಸಿನ ಮಾತು ಬರಲಿಲ್ಲ. "ಮನೆ ಹೋಗುತ್ತಮ್ಮ. ಚಾಚಾನ ಕರೆಸು," ಅಂದರು.

ಚಾಚಾ ಬಂದರು. ಯಾರ ಹೆಸರೂ ಎತ್ತದೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರು ಸಿಟ್ಟಾಗುತ್ತಾರೆಂದುಕೊಂಡಿದ್ದೆ, ಆಗಲಿಲ್ಲ.

"ಅವ್ರ ಜಾಗದಲ್ಲಿ ನಾನಿದ್ರೂ ಇಡ್ತಿರ್ಲಿಲ್ಲ ಬೇಟಿ," ಎಂದರು. ಆಮೇಲೆ, "ನಾನು ಸೇಬು ಮಾರೋದೇ ಬಿಟ್ರೆ?"

ನಾನೂ ಸರ್ರೂ ಮುಖ ಮುಖ ನೋಡಿಕೊಂಡೆವು. "ಬಿಟ್ಟರೆ ಲೆಕ್ಕ ಕೂಡುತ್ತೆ ಚಾಚಾ," ಎಂದರು ಸರ್, "ಬರೀ ಬಾಡಿಗೆ. ಆದ್ರೆ ಪೂರ್ತಿ ಬಿಡ್ಬೇಕು. ಮನೆಯೋರ ಹೆಸರಲ್ಲೂ ಅಂಗಡಿ ಇರ್ಬಾರ್ದು. ಬ್ಯಾಂಕಿಗೂ ಹಾಗೇ ಷರತ್ತು ಬರೆದುಕೊಡ್ಬೇಕಾಗುತ್ತೆ."

"ಅಂಗಡಿ ಬಿಟ್ಟು ಏನ್ಮಾಡ್ತೀರ ಚಾಚಾ? ಸುಮ್ನಿರಿ," ಎಂದು ರೇಗಿದೆ. ತಂದೆಯ ಕಾಲದಿಂದ ಕೂತ ಜಾಗ ಅದು. ಅವರು ಎದ್ದು ಹೋದರು.

ಒಂದು ತಿಂಗಳು ಅವರ ಸುದ್ದಿಯೇ ಇಲ್ಲ. ಆಮೇಲೆ ಒಂದು ಬೆಳಿಗ್ಗೆ ಫೋನ್ ಬಂತು. "ಬಾ ಬೇಟಿ, ಲೆಕ್ಕ ಬರ್ಕೊಳ್ಳೋಕೆ."

ಹೋದಾಗ ಅಂಗಡಿಯಲ್ಲಿ ಸೇಬಿರಲಿಲ್ಲ. ತಕ್ಕಡಿಯೂ ಇರಲಿಲ್ಲ. ಬಾಳೆಹಣ್ಣಿನವನೊಬ್ಬನಿಗೆ ಜಾಗ ಬಿಟ್ಟುಕೊಟ್ಟಾಗಿತ್ತು. ಚಾಚಾ ಮಾತ್ರ ಖಾಲಿ ಕಟ್ಟೆಯ ಮೇಲೆ ಬಿಳಿ ಟೋಪಿ ಹಾಕಿಕೊಂಡು ಕೂತಿದ್ದರು. ಪಕ್ಕದ ಅಂಗಡಿಯವನು ತಾನೇ ಬಂದು, "ಇನ್ನೂರು ಪೆಟ್ಟಿಗೆ ಬರ್ಕೊಳ್ಳಿ ಮೇಡಂ," ಎಂದ, ಚಾಚಾನ ಎದುರೇ. ಅವನ ಹಿಂದೆ ಇನ್ನೊಬ್ಬ, ಮತ್ತೊಬ್ಬ. ಚಾ ಕುಡಿಸಿ ಸಾಗಹಾಕಿದ್ದ ಅದೇ ಜನ. ನಾನು ಬರೆಯುತ್ತಾ ಹೋದೆ. ಕೋಲ್ಡ್ ಸ್ಟೋರೇಜಿನ ಎರಡು ಕೋಣೆಗಳೂ ಕಾಗದದ ಮೇಲೆ ತುಂಬಿದವು. ಖುಷಿ ಪಡಬೇಕಾದ ಹೊತ್ತು ಅದು, ನನಗೆ ಯಾಕೋ ತಲೆ ಎತ್ತಲಾಗಲಿಲ್ಲ.

ಎಲ್ಲರೂ ಹೋದ ಮೇಲೆ ಚಾಚಾ ನಕ್ಕರು. ನಗುತ್ತಲೇ ಕಣ್ಣೊರೆಸಿಕೊಂಡರು.

"ನಲವತ್ತು ವರ್ಷ ಇವ್ರ ಜೊತೆ ಇದೇ ಕಟ್ಟೆ ಮೇಲೆ ಕೂತಿದ್ದೆ ಬೇಟಿ. ಆಗ ಒಬ್ಬನೂ ನಂಬ್ಲಿಲ್ಲ. ಇವತ್ತು ಎದ್ದು ಹೋಗ್ತೀನಿ ಅಂದ್ರೆ, ಎಲ್ರೂ ನಂಬಿದ್ರು ನೋಡು."